ನಾನು ಓದದೆ ಬಿಟ್ಟ ವಾಕ್ಯ

ಕುಮಟಾದ ಆಫೀಸಿನಲ್ಲಿ ನನ್ನ ಕೆಲಸ ಏನಿತ್ತು ಎಂದು ನೀವು ಮೊಮ್ಮಕ್ಕಳು ಕೇಳಿದಾಗಲೆಲ್ಲ "ಕಾಗದ ಬರೆಯುವುದು" ಎಂದು ಹೇಳಿ ಮಾತು ತಪ್ಪಿಸಿದ್ದೇನೆ. ಬಾಯಿಬಿಟ್ಟು ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಬರೆದರೆ ಕೊನೆಯವರೆಗೆ ಹೇಳಿಯೇನು ಎಂದು ಈ ನೋಟ್‌ಬುಕ್ಕು ತೆಗೆದಿದ್ದೇನೆ.

ನಾನು ಕಲಿತದ್ದು ಹೊನ್ನಾವರದ ಹತ್ತಿರದ ನಮ್ಮೂರಿನ ಶಾಲೆಯಲ್ಲಿ, ಏಳನೆಯವರೆಗೆ. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಕುಮಟಾದ ಒಂದು ಮುದ್ರಣಾಲಯದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದೆ. ಅಲ್ಲಿ ಹೆಚ್ಚಾಗಿ ಮದುವೆ ಕಾಗದ ಅಚ್ಚಾಗುತ್ತಿತ್ತು. ಒಂದು ದಿನ ಮೇಜು ಒರೆಸುವಾಗ, ವರನ ಅಜ್ಜನ ಹೆಸರಿನ ಮುಂದೆ "ದಿವಂಗತ" ಎಂದು ಬಿದ್ದಿರುವುದು ಕಣ್ಣಿಗೆ ಬಿತ್ತು. ಆ ಅಜ್ಜ ಹಿಂದಿನ ದಿನವಷ್ಟೇ ಬಂದು ಕಾಗದದ ಬಣ್ಣ ಆರಿಸಿ, ಚಹ ಕುಡಿದು ಹೋಗಿದ್ದರು. ಹೇಳಲು ಧೈರ್ಯ ಸಾಲದೆ ಆ ಶಬ್ದದ ಮೇಲೆ ಬೆರಳಿಟ್ಟು ನಿಂತೆ. ಅಂದಿನಿಂದ ಧಣಿಗಳು ನನಗೆ ಪೊರಕೆಯ ಜೊತೆಗೆ ಒಂದು ಕೆಂಪು ಪೆನ್ನನ್ನೂ ಕೊಟ್ಟರು. ಅವರು ಹೇಳುತ್ತಿದ್ದದ್ದು ಒಂದೇ ಮಾತು: "ತಪ್ಪು ಕಂಡ್ರೆ ಮೊದ್ಲು ನಮ್ಮ ಕೈಲಿ ಆದದ್ದೋ ಅಂತ ನೋಡು. ಬರ್ದು ತಂದವರ ಮೇಲೆ ಹಾಕೂದು ಆಮೇಲೆ."

ಅವರು ತೀರಿಹೋದ ಮೇಲೆ ಅವರ ಮಗ ಅಚ್ಚಿನ ಯಂತ್ರ ಮಾರಿ, ಅದೇ ಕೋಣೆಯಲ್ಲಿ ಮೊಬೈಲಿನಲ್ಲಿ ಬರುವ ಜಾಹೀರಾತು ಮಾಡಿಕೊಡುವ ಆಫೀಸು ತೆರೆದರು. ಓಂ ಬೀಚಿನ ಗೆಸ್ಟ್ ಹೌಸು, ಹೊನ್ನಾವರದ ದೋಣಿ ವಿಹಾರ, ಭಟ್ಕಳದ ಒಂದು ಹೆಂಗಸರ ಬಟ್ಟೆ ಅಂಗಡಿ, ಹೀಗೆ ಗಿರಾಕಿಗಳು. ತಿಂಗಳಿಗೊಮ್ಮೆ ಪ್ರತಿ ಗಿರಾಕಿಗೂ ವರದಿ ಹೋಗಬೇಕು. ಎಷ್ಟು ಜನ ಜಾಹೀರಾತು ನೋಡಿದರು, ಎಷ್ಟು ಜನ ಮೆಸೇಜ್ ಮಾಡಿದರು, ಎಷ್ಟು ಆರ್ಡರ್ ಬಂತು ಎಂಬ ಪಟ್ಟಿ, ಅದರ ಕೆಳಗೆ ಒಂದು ಪ್ಯಾರಾ. ಪಟ್ಟಿಯನ್ನು ಬಿ.ಕಾಂ. ಓದಿದ ಒಬ್ಬ ಹುಡುಗಿ ಮಾಡುತ್ತಿದ್ದಳು, ಪ್ಯಾರಾಗಳನ್ನೂ ಇಂಗ್ಲಿಷಿನಲ್ಲಿ ಅವಳೇ ಬರೆಯುತ್ತಿದ್ದಳು. ಭಟ್ಕಳದ ಅಂಗಡಿಯವರು ಮಾತ್ರ ಕನ್ನಡದಲ್ಲಿ ಕೇಳಿದರು. ಹಾಗಾಗಿ ಅದೊಂದು ಪ್ಯಾರಾ ನನ್ನ ಪಾಲಿಗೆ ಬಂತು.

ಮೊದಲ ತಿಂಗಳು ನಾನು ಬರೆದದ್ದನ್ನು ಮಗ ಧಣಿ ಎಲ್ಲರೆದುರು ಎದ್ದುನಿಂತು ಓದಿದರು. "ತಮ್ಮ ಅಂಗಡಿಯ ಜಾಹೀರಾತನ್ನು ಈ ತಿಂಗಳು ಬಹಳ ಜನರು ವೀಕ್ಷಿಸಿರುತ್ತಾರೆ ಎಂದು ತಿಳಿಸಲು ಹರ್ಷಿಸುತ್ತೇವೆ." ಓದಿ ಕಾಗದವನ್ನು ಮೇಜಿನ ಮೇಲಿಟ್ಟರು.

"ಅಕ್ಕೋರೇ, ಇದು ವರದಿಯೋ ಮದುವೆ ಕಾಗದವೋ? ಉಡುಗೊರೆ ಸ್ವೀಕರಿಸಲಾಗುವುದಿಲ್ಲ ಅಂತ ಒಂದು ಸಾಲು ಬಿಟ್ಟೋಗಿದೆ ನೋಡಿ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಏಳನೆಯ ತರಗತಿಯವಳನ್ನು ಹಾಗೆ ಕರೆದರೆ ಹುಡುಗಿಗೂ ಜಾಹೀರಾತಿಗೆ ಚಿತ್ರ ಮಾಡುವ ಹುಡುಗನಿಗೂ ನಗು ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾನೂ ನಕ್ಕೆ. ನಗದೆ ನಿಂತರೆ ಇನ್ನೂ ಹೆಚ್ಚು ಹೊತ್ತು ನಡೆಯುತ್ತಿತ್ತು.

ಎರಡನೆಯ ತಿಂಗಳು ಹರ್ಷವನ್ನು ತೆಗೆದು ಅಂಕಿಗಳನ್ನು ಬರೆದೆ. ಇಷ್ಟು ಜನ ನೋಡಿದರು, ಇಷ್ಟು ಮೆಸೇಜು, ಇಷ್ಟು ಆರ್ಡರು. ಅದಕ್ಕೆ ಅವರು, "ಮೇಲಿನ ಪಟ್ಟಿ ಅವ್ರಿಗೆ ಕಾಣೂದಿಲ್ಲನ? ಅದನ್ನೇ ಮತ್ತೆ ಕೆಳಗೆ ಬರೆಯೂಕೆ ನಿಮ್ಗೆ ಎಂತಕ್ಕೆ ಸಂಬಳ?" ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಗೆಸ್ಟ್ ಹೌಸಿಂದು ಹೇಳೆ ಇವ್ರಿಗೆ, ಕನ್ನಡದಲ್ಲಿ, ಸಾವಕಾಶ" ಎಂದರು.

ಹುಡುಗಿ ಶಾಲೆಯ ಮಗುವಿಗೆ ಹೇಳುವಂತೆ ಬೆರಳು ಮಡಚುತ್ತಾ ಹೇಳಿದಳು. "ಎಂತ ಬದಲಾಯ್ತು: ರೂಮು ಕೇಳಿ ಬರುವ ಮೆಸೇಜು ಕಮ್ಮಿ ಆಯ್ತು. ಏಕೆ: ಅದೇ ಜನರಿಗೆ ಅದೇ ಫೋಟೋ ಮತ್ತೆ ಮತ್ತೆ ಕಾಣ್ತಾ ಉಂಟು, ಬೇಜಾರು ಬಂದಿದೆ. ಮುಂದೆ ಎಂತ ಮಾಡೂದು: ಹೊಸ ಫೋಟೋ ಹಾಕಿ ಎರಡು ವಾರ ನೋಡೂದು. ಮೂರೇ ವಾಕ್ಯ, ಅಮ್ಮ. ತಿಳೀತಾ?"

ತಿಳಿದಿತ್ತು. ತಿಳಿದದ್ದರಿಂದಲೇ ಮುಂದಿನದೆಲ್ಲ ಆಯಿತು.

ಭಟ್ಕಳದ ಅಂಗಡಿಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅಂಗಡಿಯ ಯಜಮಾನರು ವಯಸ್ಸಾದ ಸಾಹೇಬರು. ಮನೆಯಲ್ಲಿ ಅಲ್ಲಿಯ ಮುಸಲ್ಮಾನರ ನವಾಯತಿ, ಅಂಗಡಿಯಲ್ಲಿ ಚೆಂದದ ಕನ್ನಡ ಮಾತನಾಡುತ್ತಿದ್ದರು. ಓದುವುದು ಮಾತ್ರ ಉರ್ದು. ದುಬೈಯಲ್ಲಿದ್ದ ಮಗನಿಗೆ ಇಂಗ್ಲಿಷ್ ವರದಿ ಹೋದರೆ ತನಗೆ ಏನೂ ಗೊತ್ತಾಗುವುದಿಲ್ಲ ಎಂದು ಅವರೇ ಕನ್ನಡದ್ದು ಬೇಕೆಂದಿದ್ದರು. ಅದನ್ನು ಅವರಿಗೆ ಓದಿ ಹೇಳುತ್ತಿದ್ದವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತು ಮೆಸೇಜಿಗೆ ಉತ್ತರ ಕೊಡುವ ಹೆಂಗಸು. ಅವಳು ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದಳು. ಗಂಡ ಬಿಟ್ಟುಹೋಗಿದ್ದ, ಇಬ್ಬರು ಹೆಣ್ಣುಮಕ್ಕಳು. ಎದುರಿಗೆ ಗಂಡಸು ಗಿರಾಕಿಗಳಿಲ್ಲದ ಕೆಲಸ ಎಂಬ ಕಾರಣಕ್ಕೆ ಅವಳ ಅಣ್ಣಂದಿರು ಒಪ್ಪಿದ್ದರು. ಇಂಥ ಕೆಲಸ ಊರಿನಲ್ಲಿ ಇನ್ನೊಂದು ಇಲ್ಲ ಎಂದು ಅವಳೇ ಹೇಳಿದ್ದಳು.

ಅವಳನ್ನು ನಾನು ಕಂಡಿರಲಿಲ್ಲ. ಪ್ರತಿ ಸೋಮವಾರ ಆ ವಾರದ ಆರ್ಡರ್ ಎಷ್ಟು ಎಂದು ಕೇಳಲು ಫೋನ್ ಮಾಡುತ್ತಿದ್ದೆ. ಬೇರೆಯವರೊಡನೆ ಎರಡು ಮಾತಿಗೇ ತಡವರಿಸುವ ನನಗೆ ಅವಳೊಡನೆ ಹಾಗಾಗುತ್ತಿರಲಿಲ್ಲ.

"ಅಕ್ಕ, ನೀವು ಫೋನಿನಲ್ಲಿ ಉಸಿರಾಡಿದ್ರೇ ನಂಗೆ ಗೊತ್ತಾಗ್ತದೆ. ಬೇರೆ ಯಾರೂ ಇಷ್ಟು ಹೊತ್ತು ಸುಮ್ಮನಿರೂದಿಲ್ಲ."

"ಆರ್ಡರ್ ಎಷ್ಟು ಹೇಳೆ."

"ಹೇಳ್ತೆ, ಹೇಳ್ತೆ. ನೀವು ಬರ್ದದ್ದು ಹೋದ ತಿಂಗಳು ಓದಿದೆ. ಸಾಹೇಬ್ರು ಎರಡು ಸಲ ಓದ್ಸಿದ್ರು. ವರದಿ ಬಂದ ದಿನ ನಂಗೂ ಅವ್ರ ಚಹ. ಸ್ವಲ್ಪ ಉದ್ದ ಬರೀರಿ ಅಕ್ಕ, ಬಿಸ್ಕೀಟೂ ಬರಬಹುದು."

ನಾನು ಬರೆದದ್ದನ್ನು ಮೊದಲು ಓದುವವಳು ಅವಳೇ ಎಂದು ನನಗೆ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಗೊತ್ತಿರಲಿಲ್ಲ ಎಂದು ನಾನು ಯಾರಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಮೂರನೆಯ ತಿಂಗಳು ಭಟ್ಕಳದ ಆರ್ಡರುಗಳು ಬಿದ್ದುಹೋದವು. ಮೆಸೇಜುಗಳು ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದವು, ಆದರೆ ಕೊಳ್ಳುವವರು ಕಡಿಮೆ. ಅಂಗಡಿಯ ಮೆಸೇಜುಗಳು ನಮ್ಮ ಕಂಪ್ಯೂಟರಿನಲ್ಲೂ ಕಾಣುತ್ತಿದ್ದವು. ಪ್ರತಿಯೊಂದೂ ಬಂದ ತಾರೀಖು, ಹೊತ್ತು, ಉತ್ತರ ಹೋದ ಹೊತ್ತು, ಇವನ್ನು ನಾನು ಪುಸ್ತಕದಲ್ಲಿ ಬರೆದುಕೊಡುತ್ತಿದ್ದೆ. ಹುಡುಗಿ ಸರಾಸರಿ ತೆಗೆಯುತ್ತಿದ್ದಳು. ಉತ್ತರಕ್ಕೆ ತಗಲುವ ಹೊತ್ತು ಮೊದಲು ಸರಾಸರಿ ಮೂರು ಗಂಟೆ ಇದ್ದದ್ದು ಈ ತಿಂಗಳು ಏಳು ಗಂಟೆಗೆ ಹೋಗಿತ್ತು.

ಆ ದಿನ ಬೆಳಿಗ್ಗೆ ಮಗ ಧಣಿ ನನ್ನ ಮೇಜಿನ ಹತ್ತಿರ ಬಂದು, "ಅಕ್ಕೋರೇ, ಈ ತಿಂಗಳೂ ಮದುವೆ ಕಾಗದ ಬಂದ್ರೆ ಇವಳೇ ಬರೀತಾಳೆ. ನಿಮ್ಗೆ ಪೊರಕೆ ಅಲ್ಲೇ ಉಂಟು, ಎಲ್ಲೂ ಹೋಗಲಿಲ್ಲ" ಎಂದರು. ಹುಡುಗಿ ತಲೆ ಎತ್ತದೆ ನಕ್ಕಳು.

ನಾನು ಪಟ್ಟಿಯನ್ನು ನೋಡಿದೆ. ಆರ್ಡರು ಇಳಿದಿದೆ, ಉತ್ತರ ತಡವಾಗಿದೆ. ತಡವಾದರೆ ಜನ ಬೇರೆ ಅಂಗಡಿಗೆ ಹೋಗುತ್ತಾರೆ. ಉತ್ತರ ಕೊಡುವವಳು ಒಬ್ಬಳೇ. ಇಷ್ಟು ಸಾಕಿತ್ತು. ಹತ್ತು ನಿಮಿಷದಲ್ಲಿ ಮೂರು ವಾಕ್ಯ ಬರೆದೆ, ಈಗಲೂ ಬಾಯಿಪಾಠ ಇದೆ:

"ಈ ತಿಂಗಳು ಆರ್ಡರುಗಳು ಕಡಿಮೆಯಾಗಿವೆ, ಮೆಸೇಜಿಗೆ ಉತ್ತರ ಹೋಗುವ ಸರಾಸರಿ ಹೊತ್ತು ಮೂರು ಗಂಟೆಯಿಂದ ಏಳು ಗಂಟೆಗೆ ಏರಿದೆ. ಉತ್ತರ ಕೊಡುವವರು ಮೊದಲಿನಂತೆ ಗಮನ ಕೊಡದಿರುವುದೇ ಇದಕ್ಕೆ ಕಾರಣ. ಆ ಕೆಲಸಕ್ಕೆ ಬೇರೆಯವರನ್ನು ನೇಮಿಸುವುದು ಒಳ್ಳೆಯದು."

ಬರೆಯುವಾಗ ಅವಳ ನೆನಪು ಬರಲಿಲ್ಲವೇ ಎಂದು ಕೇಳಬಹುದು. ಬಂತು. ಆದರೆ ಅದಕ್ಕಿಂತ ಮುಂಚೆ ಹುಡುಗಿಯ ನಗು ಬಂತು. "ಕೊಡದಿರುವುದು" ಎಂಬುದನ್ನು "ಕೊಡದಿರುವುದೇ" ಎಂದು ಒತ್ತಿ ಬರೆದದ್ದು ಎರಡನೆಯ ಸಲ ನಕಲು ಮಾಡುವಾಗ.

ಧಣಿ ಓದಿ, ಕಾಗದ ಕೆಳಗಿಡದೆ, "ಆತು. ಈಗ ಆತು ನೋಡಿ" ಎಂದರು. ಹುಡುಗಿಗೆ, "ಕಲ್ತುಕೋ. ಬಿ.ಕಾಂ. ಮಾಡಿ ಎಂತ ಮಾಡ್ತೆ" ಎಂದರು. ಅವಳ ಮುಖ ಸಣ್ಣದಾಯಿತು. ನಾನು ಆ ಸಂಜೆ ಹೊನ್ನಾವರದ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕುಳಿತು, ಶರಾವತಿ ಸೇತುವೆಯವರೆಗೂ ಮನಸ್ಸಿನಲ್ಲೇ ಆ ಮೂರು ವಾಕ್ಯ ಓದಿಕೊಂಡೆ. ನನ್ನ ಸ್ಟಾಪು ಅದಕ್ಕೆ ಮುಂಚೆಯೇ ಇತ್ತು. ಹಿಂದೆ ನಡೆದುಕೊಂಡು ಬಂದೆ. ಅಷ್ಟು ಸಂತೋಷವಾಗಿತ್ತು.

ವರದಿ ಗುರುವಾರ ಹೋಯಿತು. ಮರುದಿನ, ಏನೋ ಅಳುಕಿನಿಂದ, ಅವಳಿಗೆ ಒಂದು ಮಾತು ಹೇಳೋಣವೆಂದು ಅಂಗಡಿಯ ಫೋನಿಗೆ ಕರೆ ಮಾಡಿದೆ. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲ ರಿಂಗಾಗುವಾಗ ಅವಳು ಎಂದೋ ಹೇಳಿದ್ದು ನೆನಪಾಯಿತು: "ಶುಕ್ರವಾರ ಫೋನ್ ಮಾಡ್ಬೇಡಿ ಅಕ್ಕ. ಅಂಗಡಿ ಬಂದ್. ಫೋನು ಅಂಗಡೀದು, ಡ್ರಾವರಿನಲ್ಲೇ ಇರ್ತದೆ, ಬೀಗ ಸಾಹೇಬ್ರ ಹತ್ರ."

ಕೈಯಲ್ಲಿ ರಿಸೀವರ್ ಹಿಡಿದುಕೊಂಡೇ ನನ್ನ ಪುಸ್ತಕ ತೆರೆದೆ. ತಾರೀಖುಗಳ ಪಕ್ಕದಲ್ಲಿ ಗೋಡೆಯ ಕ್ಯಾಲೆಂಡರ್ ನೋಡಿ ವಾರ ಬರೆಯುತ್ತಾ ಹೋದೆ. ಈ ತಿಂಗಳು ಮೆಸೇಜು ಬಂದದ್ದು ಶುಕ್ರ, ಶನಿ, ಭಾನು ಮೂರೇ ದಿನ. ಶನಿವಾರ, ಭಾನುವಾರ ಬಂದವಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಹೋಗಿತ್ತು. ಶುಕ್ರವಾರದವಕ್ಕೆಲ್ಲ ಮರುದಿನ ಅಂಗಡಿ ತೆರೆದ ಮೇಲೆ. ಹಿಂದಿನ ತಿಂಗಳು ತೆಗೆದು ನೋಡಿದೆ. ಆಗಲೂ ಹಾಗೆಯೇ: ಉಳಿದ ದಿನ ಹತ್ತು ನಿಮಿಷ, ಶುಕ್ರವಾರದ್ದು ಮರುದಿನ. ಆದರೆ ಆಗ ಮೆಸೇಜು ಏಳೂ ದಿನ ಹರಡಿ ಬರುತ್ತಿದ್ದವು, ಶುಕ್ರವಾರದ ಪಾಲು ಏಳರಲ್ಲಿ ಒಂದು. ಈಗ ಮೂರರಲ್ಲಿ ಒಂದು. ಇಡೀ ತಿಂಗಳಲ್ಲಿ ಏಳು ಗಂಟೆ ತಡವಾದ ಒಂದೇ ಒಂದು ಮೆಸೇಜು ಇರಲಿಲ್ಲ. ಆ ಏಳು ಗಂಟೆ ಪಟ್ಟಿಯಲ್ಲಿ ಮಾತ್ರ ಇತ್ತು. ಅವಳು ಮೊದಲು ಹೇಗಿದ್ದಳೋ ಹಾಗೇ ಇದ್ದಳು.

ದಿನ ಬದಲಾಯಿಸಿದವರು ಯಾರು? ನಮ್ಮ ಧಣಿ. ರಜೆಯ ಹತ್ತಿರ ಜನರ ಕೈಯಲ್ಲಿ ಫೋನು ಇರುತ್ತದೆ ಎಂದು, ತಿಂಗಳ ಮೊದಲಿಗೆ ಜಾಹೀರಾತನ್ನು ವಾರಕ್ಕೆ ಆ ಮೂರೇ ದಿನ ಕಾಣುವಂತೆ ಇಟ್ಟಿದ್ದರು. ಕುಮಟಾದಲ್ಲಿ ಕುಳಿತವರಿಗೆ ರಜೆ ಎಂದರೆ ಭಾನುವಾರ. ಹಿರಿಯ ಧಣಿಗಳ ಮಾತಿನಂತೆ ನಾನು ಮೊದಲು ನಮ್ಮ ಕೈಯನ್ನು ನೋಡಬೇಕಿತ್ತು.

ಪುಸ್ತಕ ತೆಗೆದುಕೊಂಡು ಧಣಿಯ ಮುಂದೆ ಹೋಗಿ ಬೆರಳಿಟ್ಟು ತೋರಿಸಿದೆ. ಅವರು ದಡ್ಡರಲ್ಲ. ಎರಡು ಸಾಲು ನೋಡುವಷ್ಟರಲ್ಲಿ ಅರ್ಥವಾಯಿತು. ಬಾಗಿಲು ಮುಚ್ಚಿ ಬಂದರು.

"ಇದನ್ನು ಯಾರಿಗಾದ್ರೂ ಹೇಳಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ.

"ಒಳ್ಳೇದಾತು. ಶುಕ್ರವಾರ ನಾನು ತೆಗೀತೆ, ಇವತ್ತೇ. ಬರೂ ತಿಂಗಳು ಸರಿ ಆಗ್ತದೆ. ಹೋದ್ದು ಹೋತು."

"ಅವಳ ಕೆಲಸ..."

"ಬರ್ದವ್ರು ನೀವು ಅಕ್ಕೋರೇ. ನಾನು ಓದಿ ಆತು ಅಂದೆ, ಅಷ್ಟೇ. ಅಕ್ಷರ ಯಾರ್ದು ಅಂತ ಕೇಳಿದ್ರೆ ಎಂತ ಹೇಳ್ತ್ರಿ?"

ಭಾನುವಾರ ಸಂಜೆ ನನ್ನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅವಳೇ. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ.

"ನೀವೇ ಅಂತ ಗೊತ್ತಾಯ್ತು" ಎಂದಳು. "ಅಕ್ಕ, ನಿನ್ನೆ ಸಾಹೇಬ್ರು ಚಹ ತರ್ಸಿ ಕೂತ್ಕೊಂಡಿದ್ರು. ನಾನು ಓದಿದೆ."

"ಪೂರಾ ಓದಿದ್ಯ?"

"ಪೂರಾ. ಎರಡನೇದಕ್ಕೆ ಬಂದಾಗ ಒಂದು ಕ್ಷಣ ನಿಲ್ಸಿದೆ. ಬೇರೆ ಎಂತಾದ್ರೂ ಹೇಳಿದ್ರೆ ಅವ್ರಿಗೆ ಗೊತ್ತಾಗ್ತಿರಲಿಲ್ಲ. ಮಳೆ ಬಂತು, ಅದ್ಕೆ ವ್ಯಾಪಾರ ಇಲ್ಲ ಅಂತ ಹೇಳಬಹುದಿತ್ತು. ಆದ್ರೆ ಅವ್ರು ನಂಬಿ ಕೂತ್ಕೊಂಡಿದ್ರು. ಬರ್ದದ್ದು ಬರ್ದ ಹಾಗೇ ಓದಿದೆ. ಬೇರೆಯವರನ್ನು ನೇಮಿಸುವುದು ಒಳ್ಳೆಯದು ಅಂತ. ಸಾಹೇಬ್ರು ಇನ್ನೊಂದ್ಸಲ ಓದು ಅಂದ್ರು. ಅದನ್ನೂ ಓದಿದೆ."

ಆಮೇಲೆ ಅವರು ಏನೆಂದರು ಎಂದು ಕೇಳಿದೆ.

"ಅವ್ರು ಬೈಲಿಲ್ಲ. ತಿಂಗಳು ಮುಗಿಸ್ಕೊಂಡು ಹೋಗಮ್ಮ ಅಂದ್ರು. ನಾನು ಇವತ್ತೇ ಬಿಟ್ಟು ಬಂದೆ. ಒಂದೇ ಕೇಳೂಕೆ ಫೋನ್ ಮಾಡಿದ್ದು. ನಾನು ಯಾವ ದಿನ ಗಮನ ಕೊಡಲಿಲ್ಲ, ಹೇಳಿ. ಮಕ್ಕಳ ಹತ್ರ ಹೇಳಬೇಕಲ್ಲ."

ಅದು ನಿನ್ನ ತಪ್ಪಲ್ಲ, ಶುಕ್ರವಾರದ್ದು ಎಂದು ಹೇಗೋ ಹೇಳಿದೆ. ದಿನ ಬದಲಾಯಿಸಿದ್ದು ನಮ್ಮ ಆಫೀಸು ಎಂದೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ಅದನ್ನು ಬರ್ದು ಕಳ್ಸಿ ಅಕ್ಕ. ನೀವು ಬರ್ದ್ರೆ ಸಾಹೇಬ್ರು ನಂಬ್ತ್ರು. ನಾನು ಹೇಳಿದ್ರೆ ಕೆಲಸ ಹೋದವಳ ಮಾತು."

ರಾತ್ರಿ ಊಟ ಮಾಡದೆ ಬರೆದೆ ಎಂದೆಲ್ಲ ಹೇಳುವುದಿಲ್ಲ, ಊಟ ಮಾಡಿದೆ. ಬೆಳಿಗ್ಗೆ ಬರೆದೆ. ಮೂರೇ ವಾಕ್ಯ:

"ಜಾಹೀರಾತು ಮೊದಲು ವಾರದ ಏಳೂ ದಿನ ಕಾಣುತ್ತಿದ್ದದ್ದು ಈ ತಿಂಗಳಿನಿಂದ ಶುಕ್ರ, ಶನಿ, ಭಾನು ಮಾತ್ರ ಕಂಡಿದೆ. ಅಂಗಡಿ ಮುಚ್ಚಿರುವ ಶುಕ್ರವಾರದ ಮೆಸೇಜುಗಳಿಗೆ ಮರುದಿನ ಉತ್ತರ ಹೋದದ್ದರಿಂದ ಸರಾಸರಿ ಏರಿದೆ, ಆರ್ಡರ್ ಇಳಿದಿದೆ; ದಿನ ಬದಲಾಯಿಸಿದ ತಪ್ಪು ನಮ್ಮ ಆಫೀಸಿನದು, ಉತ್ತರ ಕೊಡುವವರ ಕೆಲಸದಲ್ಲಿ ಏನೂ ಬದಲಾಗಿಲ್ಲ, ಅವರನ್ನು ದೂರಿ ಬರೆದದ್ದು ನನ್ನ ತಪ್ಪು. ಶುಕ್ರವಾರ ಜಾಹೀರಾತು ನಿಲ್ಲಿಸಬೇಕು, ಅವರನ್ನೇ ಮುಂದುವರಿಸಬೇಕು."

ಅಂಚೆಯಲ್ಲಿ ಹಾಕಿದರೆ ಅಲ್ಲಿ ಓದಿ ಹೇಳುವವರಿಲ್ಲ ಎಂದು, ಧಣಿಗೆ ತಲೆನೋವಿನ ನೆಪ ಹೇಳಿ, ಆಫೀಸಿಗೆ ಹೋಗದೆ, ಭಟ್ಕಳದ ಬಸ್ಸು ಹತ್ತಿದೆ. ಅಂಗಡಿ ಪೇಟೆಯ ಒಳಗೆ ಇತ್ತು. ಸಾಹೇಬರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು. ಬಿಳಿ ಗಡ್ಡ, ದಪ್ಪ ಕನ್ನಡಕ. ಪಕ್ಕದಲ್ಲಿ ಇಬ್ಬರು ಗಂಡಸರು, ಅವರ ಸಂಬಂಧಿಕರು ಇರಬೇಕು. ಕುಮಟಾದಿಂದ ಬಂದೆ, ವರದಿ ಬರೆಯುವವಳು ಎಂದೆ. ಅವರು ಎದ್ದು ನಿಂತರು. ಧಣಿಗಳ ಮುಂದೆ ಹತ್ತು ವರ್ಷ ನಿಂತ ನನಗೆ ಯಾರೂ ಎದ್ದು ನಿಂತಿರಲಿಲ್ಲ. ಕುರ್ಚಿ ಹಾಕಿಸಿದರು, ಚಹ ತರಿಸಿದರು, ಜೊತೆಗೆ ಬಿಸ್ಕೀಟು.

ನಾನು ಕಾಗದ ಕೊಟ್ಟೆ. ಅವರು ತಿರುಗಿಸಿ ನೋಡಿ ನಕ್ಕರು.

"ಓದೂ ಹುಡುಗಿ ಈಗ ಇಲ್ಲಲ್ಲ ತಾಯಿ. ಇವ್ರಿಗೂ ಕನ್ನಡ ಬರೂದಿಲ್ಲ. ನೀವೇ ಓದಿ."

ಕಾಗದ ನನ್ನ ಕೈಗೆ ಮರಳಿ ಬಂತು. ಮೂವರೂ ನನ್ನ ಮುಖ ನೋಡುತ್ತಿದ್ದರು. ಮೊದಲನೆಯ ವಾಕ್ಯ ಓದಿದೆ. ಧ್ವನಿ ಸಣ್ಣದಿತ್ತು, ಅವರು ಬಗ್ಗಿ ಕೇಳಿಸಿಕೊಂಡರು. ಎರಡನೆಯದಕ್ಕೆ ಬಂದೆ. "ತಪ್ಪು ನಮ್ಮ ಆಫೀಸಿನದು" ಎಂಬುದು ಕಣ್ಣಿಗೆ ಕಂಡಿತು, "ನನ್ನ ತಪ್ಪು" ಎಂಬುದೂ ಕಂಡಿತು. ಸಾಹೇಬರು ಮಗನಿಗೆ ಹೇಳುತ್ತಾರೆ, ಮಗ ನಮ್ಮ ಧಣಿಗೆ ಫೋನ್ ಮಾಡುತ್ತಾನೆ, ಪೊರಕೆಯೂ ಉಳಿಯುವುದಿಲ್ಲ. ಇದೆಲ್ಲ ಯೋಚಿಸಿದ್ದು ಆಮೇಲೆ ಇರಬಹುದು. ಆ ಹೊತ್ತಿಗೆ ಇದ್ದದ್ದು ಮೂವರು ಗಂಡಸರ ಮುಖ, ನನಗಾಗಿ ಎದ್ದು ನಿಂತ ಒಬ್ಬ ಮುದುಕರು, ಬಿಸ್ಕೀಟಿನ ತಟ್ಟೆ.

ನಾನು ಎರಡನೆಯ ವಾಕ್ಯ ಬಿಟ್ಟೆ. ಮೂರನೆಯದರಲ್ಲಿ ಅರ್ಧ ಓದಿದೆ.

"ಶುಕ್ರವಾರ ಜಾಹೀರಾತು ನಿಲ್ಲಿಸಬೇಕು."

ಸಾಹೇಬರು ತಲೆದೂಗಿದರು. "ಹೌದು ನೋಡಿ. ಅಂಗಡಿ ಬಂದ್ ಇರುವಾಗ ಕರೆದ್ರೆ ಯಾರು ಬರ್ತಾರೆ? ಒಳ್ಳೇ ಸಲಹೆ. ನಿಮ್ಮ ಸಣ್ಣ ಧಣೀರು ಬುದ್ಧಿವಂತರು, ಆ ಹುಡುಗಿ ವಿಷಯವೂ ಮೊದ್ಲೇ ಹೇಳಿದ್ರು. ನನ್ನ ಸಲಾಂ ಹೇಳಿ."

ಹೇಳುತ್ತೇನೆ ಎಂದು ಕಾಗದವನ್ನು ಚೀಲಕ್ಕೆ ಸೇರಿಸಿದೆ. ಚಹ ಪೂರ್ತಿ ಕುಡಿದೆ.

ಮರುತಿಂಗಳು ಸರಾಸರಿ ಹತ್ತು ನಿಮಿಷಕ್ಕೆ ಇಳಿಯಿತು, ಆರ್ಡರು ಮೇಲೆ ಬಂದವು. ಉತ್ತರ ಕೊಡಲು ಹೊಸದಾಗಿ ಕುಳಿತವರ ಚುರುಕಿನಿಂದ ಹಾಗಾಯಿತು ಎಂದು ಧಣಿ ಬರೆಯಿಸಿದರು. ಅದೇ ನಾನು ಬರೆದ ಕೊನೆಯ ಪ್ಯಾರಾ. ಅಂಗಡಿಯಲ್ಲಿ ಕನ್ನಡ ಓದುವವರು ಇಲ್ಲದ್ದರಿಂದ ಇನ್ನು ಮುಂದೆ ಇಂಗ್ಲಿಷಿನಲ್ಲಿ ಮಗನಿಗೇ ಕಳಿಸಿ ಎಂದು ಭಟ್ಕಳದಿಂದ ಹೇಳಿ ಕಳಿಸಿದರು.

ಅವಳು ಇನ್ನೊಮ್ಮೆ ಮಾತ್ರ ಫೋನ್ ಮಾಡಿದಳು.

"ಬರ್ದ್ರಾ ಅಕ್ಕ?"

"ಬರ್ದೆ."

"ಸಾಹೇಬ್ರಿಗೆ ಮುಟ್ಟಿತಾ?"

"ಮುಟ್ಟಿತು" ಎಂದೆ. ಕಾಗದ ಅವರ ಕೈಗೆ ಮುಟ್ಟಿದ್ದು ನಿಜ.

"ಹಾಗಾದ್ರೆ ಕೇಳಿಯೂ ಕೆಲಸಕ್ಕೆ ಕರೀಲಿಲ್ಲ ಅವ್ರು" ಎಂದಳು. "ಇರ್ಲಿ. ನೀವು ಮಾಡೂದು ಮಾಡಿದ್ರಿ." ಫೋನ್ ಇಟ್ಟಳು.

ಆ ಕಾಗದ ನನ್ನ ಪೆಟ್ಟಿಗೆಯಲ್ಲಿ, ನಿಮ್ಮ ಅಜ್ಜನ ಪಂಚೆಯ ಕೆಳಗಿದೆ. ಸಿಕ್ಕಾಗ ಎರಡನೆಯ ವಾಕ್ಯವನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಓದಿ. ನಾನು ಇದ್ದರೂ ಸರಿ, ಇಲ್ಲದಿದ್ದರೂ ಸರಿ.